ಬೆಲೆ ಇಳಿದ ದಿನ ಪ್ಲಸ್ ಗೆರೆ ಮೇಲೆದ್ದದ್ದು ಯಾಕೆ?

ಪ್ರಶ್ನೆ: ಸರ್, ನಾನು ಶಿರಸಿ ಹತ್ತಿರದ ಅಡಿಕೆ ಬೆಳೆಗಾರ. ಎರಡು ವರ್ಷದಿಂದ ಸ್ವಲ್ಪ ಸ್ವಲ್ಪ ಷೇರು ವ್ಯವಹಾರ ಮಾಡುತ್ತಿದ್ದೇನೆ. ಮೊಬೈಲಿನ ಚಾರ್ಟಿನಲ್ಲಿ ವೋರ್ಟೆಕ್ಸ್ ಎಂಬ ಸೂಚಕ ಹಾಕಿಕೊಂಡಿದ್ದೇನೆ, ಅವಧಿ 14 ದಿನ. ಪ್ಲಸ್ ಗೆರೆ ಮೈನಸ್ ಗೆರೆಯನ್ನು ದಾಟಿ ಮೇಲೆ ಬಂದರೆ ಕೊಳ್ಳಬೇಕು ಅಂತ ಕೇಳಿದ್ದೆ. ಮೊನ್ನೆ ಒಂದು ಷೇರು ಚೆನ್ನಾಗಿಯೇ ಬಿದ್ದ ದಿನ ಪ್ಲಸ್ ಗೆರೆ ಮೇಲೆ ಹೋಯಿತು. ಕೊಂಡೆ, ನಾಲ್ಕೇ ದಿನದಲ್ಲಿ ಗೆರೆ ತಿರುಗಿ ಕೆಳಗೆ ಬಂತು. ಲೆಕ್ಕದಲ್ಲೇ ತಪ್ಪಿದೆಯೇ? ಟ್ರೂ ರೇಂಜ್ ಇಲ್ಲಿ ಏನು ಕೆಲಸ ಮಾಡುತ್ತದೆ? ಇದನ್ನೇ ಮಾರ್ಕೆಟಿನ ಅಡಿಕೆ ದರಕ್ಕೂ ಹಾಕಿ ನೋಡಬಹುದೇ?

ಉತ್ತರ: ಲೆಕ್ಕ ಸರಿಯಾಗಿಯೇ ಇದೆ, ಚಾರ್ಟೂ ಕೆಟ್ಟಿಲ್ಲ. ಆ ದಿನ ಗೆರೆಯನ್ನು ದಾಟಿಸಿದ್ದು ಆ ದಿನದ ಬೆಲೆಯಲ್ಲ, ಲೆಕ್ಕದಿಂದ ಹೊರಬಿದ್ದ ಹಳೆಯ ಒಂದು ದಿನ. ಅದು ಹೇಗೆ ಅಂತ ತಿಳಿಯಲು ಮೊಬೈಲನ್ನು ಬದಿಗಿಟ್ಟು, ಏಳು ದಿನದ ಬೆಲೆ ಬರೆದುಕೊಂಡು ಕೈಯಲ್ಲೇ ಕೂಡಿಸಿ ಕಳೆಯಬೇಕು.

ಈ ಸೂಚಕವನ್ನು ಎಟಿಯೆನ್ ಬೋಟೆಸ್ ಮತ್ತು ಡಗ್ಲಾಸ್ ಸೀಪ್‌ಮನ್ ಎಂಬಿಬ್ಬರು 2010ರ ಜನವರಿಯಲ್ಲಿ ಒಂದು ಷೇರು ಪತ್ರಿಕೆಯಲ್ಲಿ ಪ್ರಕಟಿಸಿದರು. ನೀರಿನ ಹರಿವನ್ನು ನೋಡುತ್ತ ಕೂತಿದ್ದ ಆಸ್ಟ್ರಿಯಾದ ಅರಣ್ಯಾಧಿಕಾರಿ ವಿಕ್ಟರ್ ಶೌಬರ್ಗರ್ ಅವರ ಸುಳಿಗಳ ವಿಚಾರದಿಂದ ಅವರಿಗೆ ಈ ಹೆಸರು ಹೊಳೆಯಿತು. ವೋರ್ಟೆಕ್ಸ್ ಅಂದರೆ ಸುಳಿ. ನಿಮ್ಮ ತೋಟದ ಸುಳಿಯಲ್ಲ, ಅಘನಾಶಿನಿ ಸಮುದ್ರ ಸೇರುವಲ್ಲಿ ಇಳಿತದ ಹೊತ್ತಿಗೆ ಕಾಣುವ ಸುಳಿ. ಹೆಸರು ಚೆಂದ, ಆದರೆ ಒಳಗಿರುವುದು ಬರೀ ಕೂಡುವುದು ಕಳೆಯುವುದು. ಹೆಸರಿನ ಸೆಳೆತಕ್ಕೆ ಸಿಕ್ಕಿ ಲೆಕ್ಕ ಬಿಟ್ಟವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ದಿನವೊಂದಕ್ಕೆ ಮೂರು ಅಂಕಿ ಬೇಕು. ಮೊದಲನೆಯದು ಪ್ಲಸ್ ಚಲನೆ: ಇವತ್ತಿನ ಗರಿಷ್ಠದಿಂದ ನಿನ್ನೆಯ ಕನಿಷ್ಠ ಎಷ್ಟು ದೂರ. ಎರಡನೆಯದು ಮೈನಸ್ ಚಲನೆ: ಇವತ್ತಿನ ಕನಿಷ್ಠದಿಂದ ನಿನ್ನೆಯ ಗರಿಷ್ಠ ಎಷ್ಟು ದೂರ. ಎರಡರಲ್ಲೂ ದೂರ ಮಾತ್ರ ಲೆಕ್ಕ, ಋಣ ಚಿಹ್ನೆ ಬಂದರೆ ಬಿಟ್ಟುಬಿಡುತ್ತಾರೆ. ಮೂರನೆಯದು ಟ್ರೂ ರೇಂಜ್. ಇದು ಅಮೆರಿಕದ ಚಾರ್ಟ್ ತಜ್ಞ ವೈಲ್ಡರ್ ಅವರು 1978ರಲ್ಲಿ ಕೊಟ್ಟ ಅಳತೆ. ಇವತ್ತಿನ ಗರಿಷ್ಠ ಕನಿಷ್ಠಗಳ ಅಂತರ, ಇವತ್ತಿನ ಗರಿಷ್ಠಕ್ಕೂ ನಿನ್ನೆಯ ಮುಕ್ತಾಯಕ್ಕೂ ಇರುವ ದೂರ, ಇವತ್ತಿನ ಕನಿಷ್ಠಕ್ಕೂ ನಿನ್ನೆಯ ಮುಕ್ತಾಯಕ್ಕೂ ಇರುವ ದೂರ, ಈ ಮೂರರಲ್ಲಿ ದೊಡ್ಡದು ಯಾವುದೋ ಅದು. 14 ದಿನದ ಪ್ಲಸ್ ಚಲನೆ ಕೂಡಿಸಿ, 14 ದಿನದ ಟ್ರೂ ರೇಂಜ್ ಮೊತ್ತದಿಂದ ಭಾಗಿಸಿದರೆ ಪ್ಲಸ್ ಗೆರೆ. ಮೈನಸ್ ಗೆರೆಗೂ ಹಾಗೆಯೇ.

ಕೈಲೆಕ್ಕಕ್ಕೆ 14 ಉದ್ದವಾಯಿತು, 5 ಇಟ್ಟುಕೊಳ್ಳೋಣ. ಕೆಳಗಿನ ಬೆಲೆಗಳು ನಾನೇ ಕಲ್ಪಿಸಿಕೊಂಡವು. ಮೊದಲ ದಿನಕ್ಕೆ ಹಿಂದಿನ ದಿನ ಇಲ್ಲದ ಕಾರಣ ಅಲ್ಲಿ ಚಲನೆ ಬರೆದಿಲ್ಲ.

| ದಿನ | ಗರಿಷ್ಠ | ಕನಿಷ್ಠ | ಮುಕ್ತಾಯ | ಪ್ಲಸ್ ಚಲನೆ | ಮೈನಸ್ ಚಲನೆ | ಟ್ರೂ ರೇಂಜ್ |
|---|---|---|---|---|---|---|
| 1 | 208 | 202 | 203 | | | |
| 2 | 204 | 198 | 199 | 2 | 10 | 6 |
| 3 | 203 | 197 | 202 | 5 | 7 | 6 |
| 4 | 205 | 199 | 204 | 8 | 4 | 6 |
| 5 | 207 | 201 | 205 | 8 | 4 | 6 |
| 6 | 207 | 202 | 206 | 6 | 5 | 5 |
| 7 | 206 | 200 | 201 | 4 | 7 | 6 |

ಆರನೇ ದಿನ ಸಂಜೆ, 2ರಿಂದ 6ರವರೆಗೆ ಕೂಡಿಸಿ. ಪ್ಲಸ್ 29, ಮೈನಸ್ 30, ಟ್ರೂ ರೇಂಜ್ 29. ಪ್ಲಸ್ ಗೆರೆ 1.00, ಮೈನಸ್ ಗೆರೆ 1.03. ಮೈನಸ್ ಕೂದಲೆಳೆಯಷ್ಟು ಮೇಲಿದೆ.

ಏಳನೇ ದಿನ ಷೇರು 206ರಿಂದ 201ಕ್ಕೆ ಬಿತ್ತು. ಆ ದಿನದ ಪ್ಲಸ್ ಚಲನೆ 4, ಮೈನಸ್ ಚಲನೆ 7, ಅಂದರೆ ಆ ದಿನ ಮೈನಸ್ ಕಡೆಗೇ ಭಾರ. ಈಗ 3ರಿಂದ 7ರವರೆಗೆ ಕೂಡಿಸಿ. ಪ್ಲಸ್ 31, ಮೈನಸ್ 27, ಟ್ರೂ ರೇಂಜ್ ಮತ್ತೆ 29. ಪ್ಲಸ್ ಗೆರೆ 1.07, ಮೈನಸ್ ಗೆರೆ 0.93. ಬೆಲೆ ಬಿದ್ದ ದಿನವೇ ಪ್ಲಸ್ ಗೆರೆ ದಾಟಿ ಮೇಲೆ ಹೋಯಿತು. ನಿಮಗೆ ಆದದ್ದೂ ಇದೇ.

ಕಾರಣ ಎರಡನೇ ದಿನದ ಸಾಲಿನಲ್ಲಿದೆ. ಅಲ್ಲಿ ಪ್ಲಸ್ 2, ಮೈನಸ್ 10, ಮೈನಸ್ ಕಡೆಗೆ 8ರ ಭಾರ. ಏಳನೇ ದಿನ ಒಳಗೆ ಬರುವಾಗ ಆ ಎರಡನೇ ದಿನ ಹೊರಗೆ ಹೋಯಿತು. ಹೊಸ ದಿನ ಮೈನಸ್ ಕಡೆಗೆ 3 ಹಾಕಿತು, ಹಳೆಯ ದಿನ ತನ್ನ 8 ಎತ್ತಿಕೊಂಡು ಹೋಯಿತು. ತಕ್ಕಡಿ ಪ್ಲಸ್ ಕಡೆಗೆ ವಾಲಿದ್ದು ಪ್ಲಸ್ ತಟ್ಟೆಗೆ ಏನೋ ಬಿದ್ದದ್ದರಿಂದಲ್ಲ, ಮೈನಸ್ ತಟ್ಟೆಯ ಹಳೆಯ ಕಲ್ಲು ತೆಗೆದದ್ದರಿಂದ.

ಇಷ್ಟಕ್ಕೇ ಬಿಡುವುದಿಲ್ಲ, ಇನ್ನೊಂದು ಮೆಟ್ಟಿಲು ಇಳಿಯೋಣ, ಏಕೆಂದರೆ ಇದರ ಗುಟ್ಟು ಅಲ್ಲಿದೆ. ಒಂದು ದಿನದ ಪ್ಲಸ್ ಚಲನೆಯಿಂದ ಮೈನಸ್ ಚಲನೆ ಕಳೆದು ನೋಡಿ. ಇವತ್ತಿನ ಗರಿಷ್ಠ ಕನಿಷ್ಠಗಳ ಮೊತ್ತದಿಂದ ನಿನ್ನೆಯ ಗರಿಷ್ಠ ಕನಿಷ್ಠಗಳ ಮೊತ್ತ ಕಳೆದಷ್ಟೇ ಉಳಿಯುತ್ತದೆ. ಗರಿಷ್ಠ ಕನಿಷ್ಠಗಳ ಸರಿ ನಡುವಿನ ಬೆಲೆಯನ್ನು ನಡುಬೆಲೆ ಎನ್ನೋಣ. ಆಗ ಆ ವ್ಯತ್ಯಾಸ ಅಂದರೆ ನಡುಬೆಲೆ ನಿನ್ನೆಯಿಂದ ಇವತ್ತಿಗೆ ಎಷ್ಟು ಸರಿಯಿತೋ ಅದರ ಎರಡು ಪಟ್ಟು, ಅಷ್ಟೇ. ದಿನದಿಂದ ದಿನಕ್ಕೆ ಸರಿದದ್ದನ್ನೆಲ್ಲ ಕೂಡಿಸಿದರೆ ನಡುವಿನ ದಿನಗಳು ಒಂದನ್ನೊಂದು ಹೊಡೆದುಕೊಂಡು ಹೋಗುತ್ತವೆ, ಮೊದಲ ದಿನ ಮತ್ತು ಕೊನೆಯ ದಿನ ಮಾತ್ರ ಉಳಿಯುತ್ತವೆ.

ಕೋಷ್ಟಕದಲ್ಲೇ ಪರೀಕ್ಷಿಸಿ. ಆರನೇ ದಿನದ ನಡುಬೆಲೆ 204.5, ಅದಕ್ಕಿಂತ ಐದು ದಿನ ಹಿಂದಿನ ಒಂದನೇ ದಿನದ್ದು 205. ವ್ಯತ್ಯಾಸ ಅರ್ಧ ರೂಪಾಯಿ ಕಡಿಮೆ, ಎರಡು ಪಟ್ಟು ಮಾಡಿದರೆ 1. ಮೇಲೆ 29 ಮತ್ತು 30 ಬಂದದ್ದು ಅದಕ್ಕೇ. ಏಳನೇ ದಿನದ ನಡುಬೆಲೆ 203, ಎರಡನೇ ದಿನದ್ದು 201. ವ್ಯತ್ಯಾಸ 2, ಎರಡು ಪಟ್ಟು 4. 31ರಲ್ಲಿ 27 ಹೋದರೆ 4.

ಹಾಗಾಗಿ ಯಾವ ದಿನವೂ ಬೆಲೆ ಹಿಂದಿನ ದಿನದ ಗರಿಷ್ಠ ಕನಿಷ್ಠಗಳ ಆಚೆಗೆ ಪೂರ್ತಿ ಜಿಗಿಯದಿದ್ದರೆ, 14 ದಿನದ ವೋರ್ಟೆಕ್ಸ್ ಗೆರೆಗಳು ದಾಟಿದವು ಅಂದರೆ ಅರ್ಥ ಇಷ್ಟೇ: ಇವತ್ತಿನ ನಡುಬೆಲೆ 14 ವಹಿವಾಟು ದಿನಗಳ ಹಿಂದಿನ ನಡುಬೆಲೆಯನ್ನು ದಾಟಿತು. ನಡುವೆ ಬೆಲೆ ಏನೇನು ಕುಣಿಯಿತು ಎಂಬುದು ದಾಟುವಿಕೆಗೆ ಬೇಡ. ವೈಲ್ಡರ್ ಅವರ ದಿಕ್ಕಿನ ಚಲನೆ ಎಂಬ ಹಳೆಯ ಸೂಚಕದಲ್ಲಿ ಹೀಗಾಗುವುದಿಲ್ಲ, ಅಲ್ಲಿ ದಿನಕ್ಕೆ ಮೇಲಿನ ಚಲನೆ ಕೆಳಗಿನ ಚಲನೆ ಎರಡರಲ್ಲಿ ದೊಡ್ಡದನ್ನು ಮಾತ್ರ ಹಿಡಿದು ಇನ್ನೊಂದನ್ನು ಸೊನ್ನೆ ಮಾಡುತ್ತಾರೆ. ಇಲ್ಲಿ ಎರಡನ್ನೂ ಹಿಡಿಯುತ್ತಾರೆ, ಅದಕ್ಕೇ ನಡುವಿನದು ಹೊಡೆದುಕೊಂಡು ಹೋಗುತ್ತದೆ. ನಾನು ಇದನ್ನು ಮೊದಲ ಸಲ ಹಾಳೆಯ ಮೇಲೆ ಬಿಡಿಸಿ ನೋಡಿದಾಗ ಇಷ್ಟೇನಾ ಅನ್ನಿಸಿ ಸ್ವಲ್ಪ ಬೇಜಾರೇ ಆಗಿತ್ತು.

ಈಗ ಟ್ರೂ ರೇಂಜ್. ಎರಡು ಗೆರೆಗೂ ಕೆಳಗಿರುವ ಭಾಜಕ ಒಂದೇ. ಒಂದೇ ಸಂಖ್ಯೆಯಿಂದ ಎರಡನ್ನೂ ಭಾಗಿಸಿದರೆ ಯಾವುದು ದೊಡ್ಡದು ಎಂಬುದು ಬದಲಾಗುವುದಿಲ್ಲ. ಆದ್ದರಿಂದ ಗೆರೆ ಯಾವತ್ತು ದಾಟಬೇಕು ಎಂಬುದರಲ್ಲಿ ಟ್ರೂ ರೇಂಜಿಗೆ ಯಾವ ಪಾತ್ರವೂ ಇಲ್ಲ. ಅದರ ಪಾತ್ರ ಇರುವುದು ದಾಟಿದ ಮೇಲೆ ಗೆರೆಗಳು ಎಷ್ಟು ದೂರ ಹೋದವು ಎಂಬುದರಲ್ಲಿ. ದೇವಿಮನೆ ಘಟ್ಟದ ತಿರುವುಗಳಲ್ಲಿ ನಡೆದವನನ್ನು ನೆನೆಸಿಕೊಳ್ಳಿ. ಅವನು ಹತ್ತಿ ಇಳಿದು ಒಟ್ಟು ನಡೆದದ್ದು ಟ್ರೂ ರೇಂಜಿನ ಮೊತ್ತ. ಹೊರಟ ಜಾಗದಿಂದ ನೇರ ಎಷ್ಟು ದೂರ ಬಂದ ಎಂಬುದು ನಡುಬೆಲೆಯ ವ್ಯತ್ಯಾಸ. ಗೆರೆಗಳ ನಡುವಿನ ಅಂತರ ಹೇಳುವುದು ಎರಡನೆಯದರ ಎರಡು ಪಟ್ಟು ಮೊದಲನೆಯದರ ಎಷ್ಟು ಪಾಲು ಎಂದು. ಚಾರ್ಟಿನಲ್ಲಿ ಎರಡು ಗೆರೆ 1ರ ಮೇಲೂ ಕೆಳಗೂ ಕನ್ನಡಿಯ ಬಿಂಬದ ಹಾಗೆ ಓಡುತ್ತವೆಯಲ್ಲ, ಅದೂ ಇದರಿಂದಲೇ: ಬೆಲೆ ದೊಡ್ಡದಾಗಿ ಜಿಗಿಯದ ದಿನಗಳಲ್ಲಿ ಎರಡರ ಮೊತ್ತ 2ರ ಆಸುಪಾಸಿನಲ್ಲೇ ಇರುತ್ತದೆ. ಪ್ಲಸ್ 1.1 ಆಯಿತು, ಜೊತೆಗೆ ಮೈನಸ್ 0.9 ಆಯಿತು, ಎರಡು ಸಾಕ್ಷಿ ಸಿಕ್ಕಿತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದು ಒಂದೇ ಸಾಕ್ಷಿ, ಎರಡು ಸಲ ಬಾಯಿ ತೆರೆದಿದೆ.

ಈ ಅಂತರದಿಂದ ಒಂದು ಉಪಯೋಗದ ಅಳತೆ ಸಿಗುತ್ತದೆ. 14 ದಿನದ ವೋರ್ಟೆಕ್ಸಿನಲ್ಲಿ ಗೆರೆಗಳ ಅಂತರ ಸುಮಾರು 0.14 ಇದ್ದರೆ, ಆ 14 ದಿನದಲ್ಲಿ ನಡುಬೆಲೆ ಒಟ್ಟಾರೆ ಸರಿದದ್ದು ಒಂದು ದಿನದ ಸರಾಸರಿ ಟ್ರೂ ರೇಂಜಿನಷ್ಟು. ದಿನಕ್ಕೆ ಸರಾಸರಿ 6 ರೂಪಾಯಿ ಆಡುವ ಷೇರಾದರೆ ಹೆಚ್ಚುಕಡಿಮೆ ಮೂರು ವಾರದಲ್ಲಿ ಅದು ಸರಿದದ್ದು ಆ 6 ರೂಪಾಯಿಯೇ. ಅಂತರ 0.05 ಇದ್ದಾಗ ಸರಿದದ್ದು ಎರಡು ರೂಪಾಯಿ ಚಿಲ್ಲರೆ. ಅಷ್ಟನ್ನು ಬೆಳಿಗ್ಗೆ ಹತ್ತು ಗಂಟೆಯೊಳಗೆ ಷೇರು ತಿರುಗಿಸಿ ಕೊಟ್ಟುಬಿಡಬಹುದು. ನಿಮ್ಮ ಗೆರೆ ನಾಲ್ಕು ದಿನದಲ್ಲಿ ತಿರುಗಿದ್ದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಬೆಲೆ ಒಂದೇ ಮಟ್ಟದಲ್ಲಿ ತೂಗುತ್ತಿದ್ದಾಗ ಇವತ್ತಿನ ನಡುಬೆಲೆ ಹಳೆಯದರ ಹತ್ತಿರವೇ ಇರುತ್ತದೆ, ಗೆರೆಗಳು ಹೆಣೆದುಕೊಳ್ಳುತ್ತವೆ. ನಾನು ಅಂತರ 0.14 ಮೀರುವ ತನಕ ದಾಟುವಿಕೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದು ನನ್ನ ರೂಢಿ, ಶಾಸ್ತ್ರವಲ್ಲ. ಇದಕ್ಕೆ ಬೆಲೆಯೂ ಇದೆ, ನಿಜವಾದ ಏರಿಕೆಯಲ್ಲಿ ಒಂದೆರಡು ದಿನ ತಡವಾಗಿ ಹತ್ತಬೇಕಾಗುತ್ತದೆ.

ಇದನ್ನು ರೂಪಿಸಿದವರೂ ಬರೀ ದಾಟಿದ್ದಕ್ಕೇ ಕೊಳ್ಳಿ ಎಂದವರಲ್ಲ, ಈ ಮಾತು ಬಹಳ ಜನರಿಗೆ ತಲುಪಿಲ್ಲ. ಅವರ ನಿಯಮದಲ್ಲಿ ಪ್ಲಸ್ ಗೆರೆ ದಾಟಿದ ದಿನದ ಗರಿಷ್ಠವನ್ನು ಗುರುತು ಹಾಕಿಕೊಳ್ಳಬೇಕು, ಮುಂದೆ ಬೆಲೆ ಅದನ್ನು ದಾಟಿದರೆ ಮಾತ್ರ ಖರೀದಿ. ಕೆಳಮುಖವಾಗಿ ದಾಟಿದರೆ ಆ ದಿನದ ಕನಿಷ್ಠ ಗುರುತು. ನಮ್ಮ ಕೋಷ್ಟಕದಲ್ಲಿ ದಾಟಿದ್ದು ಏಳನೇ ದಿನ, ಗರಿಷ್ಠ 206, ಮುಕ್ತಾಯ 201. ಕೊಳ್ಳುವ ಮಾತು 206 ಮೀರಿದ ಮೇಲೆ. ಹಳೆಯ ದಿನ ಹೊರಬಿದ್ದದ್ದರಿಂದ ಆದ ದಾಟುವಿಕೆಯಲ್ಲಿ ಬೆಲೆ ಸಾಮಾನ್ಯವಾಗಿ ಆ ಗುರುತಿನಿಂದ ದೂರ ಕೆಳಗಿರುತ್ತದೆ, ಆರ್ಡರ್ ಹಾಕಿಟ್ಟರೂ ಸುಮ್ಮನೆ ಬಿದ್ದಿರುತ್ತದೆ. ನಿಮ್ಮ ಷೇರಿನಲ್ಲಿ ದಾಟಿದ ದಿನದ ಗರಿಷ್ಠ ಎಷ್ಟಿತ್ತು, ಮುಂದಿನ ನಾಲ್ಕು ದಿನದಲ್ಲಿ ಅದು ಮೀರಿತೇ ಎಂದು ತಿರುಗಿ ನೋಡಿ.

ಹಳೆಯ ದಿನದ ಆಟವೋ ಹೊಸ ದಿನದ ಬಲವೋ ಎಂದು ತಿಳಿಯಲು ಶೀಟಿನಲ್ಲಿ ಆರು ಕಾಲಂ ಸಾಕು. B ಗರಿಷ್ಠ, C ಕನಿಷ್ಠ, D ಮುಕ್ತಾಯ, ಎರಡನೇ ಸಾಲಿನಿಂದ ಬೆಲೆ ಶುರು ಎಂದಿಟ್ಟುಕೊಳ್ಳಿ:

```
E3:  =ABS(B3-C2)
F3:  =ABS(C3-B2)
G3:  =MAX(B3-C3,ABS(B3-D2),ABS(C3-D2))
H16: =SUM(E3:E16)/SUM(G3:G16)
I16: =SUM(F3:F16)/SUM(G3:G16)
J16: =(B16+C16)/2-(B2+C2)/2
```

H ಪ್ಲಸ್ ಗೆರೆ, I ಮೈನಸ್ ಗೆರೆ, J ನಡುಬೆಲೆಯ ವ್ಯತ್ಯಾಸ. ಕೆಳಗೆ ಎಳೆದು ನೋಡಿದರೆ J ಸೊನ್ನೆ ದಾಟುವಾಗ H ಮತ್ತು I ಒಂದನ್ನೊಂದು ದಾಟುತ್ತವೆ. ದಾಟಿದ ದಿನ ಇವತ್ತಿನ E ದೊಡ್ಡದಿದೆಯೇ F ದೊಡ್ಡದಿದೆಯೇ ಎಂದು ಕಣ್ಣು ಹಾಯಿಸಿ. ಗೆರೆ ಮೇಲೆ ಹೋಗಿ, ಇವತ್ತಿನ F ದೊಡ್ಡದಿದ್ದರೆ ಅದು ಹಳೆಯ ದಿನದ ಆಟ.

ಕೆಲವೊಮ್ಮೆ J ಒಂದು ಹೇಳುತ್ತದೆ, ಗೆರೆಗಳು ಇನ್ನೊಂದು ಹೇಳುತ್ತವೆ. ಆಗ ಹಿಂದಿನ 14 ದಿನದಲ್ಲಿ ಎಲ್ಲೋ ಬೆಲೆ ಪೂರ್ತಿ ಜಿಗಿದಿದೆ ಎಂದು ತಿಳಿಯಿರಿ. ಉದಾಹರಣೆಗೆ ನಿನ್ನೆ ಷೇರು 244ರಿಂದ 250ರೊಳಗೆ ಆಡಿ 249ಕ್ಕೆ ಮುಗಿಯಿತು. ರಾತ್ರಿ ಕಂಪನಿಯ ಫಲಿತಾಂಶ ಬಂತು, ಇವತ್ತು 260ರಿಂದ 266ರೊಳಗೆ ಆಡಿತು. ಪ್ಲಸ್ ಚಲನೆ 22. ಮೈನಸ್ ಚಲನೆ ಎಷ್ಟು? ಇವತ್ತಿನ ಕನಿಷ್ಠ 260, ನಿನ್ನೆಯ ಗರಿಷ್ಠ 250, ದೂರ 10. ಇಷ್ಟು ಜೋರಾಗಿ ಏರಿದ ದಿನವೂ ಮೈನಸ್ ಖಾತೆಗೆ 10 ಜಮೆಯಾಯಿತು! ಚಿಹ್ನೆ ಬಿಟ್ಟು ದೂರ ಮಾತ್ರ ಹಿಡಿದದ್ದರ ಫಲ ಇದು. ನಡುಬೆಲೆ 247ರಿಂದ 263ಕ್ಕೆ ಹೋಗಿದೆ, ಎರಡು ಪಟ್ಟು ಮಾಡಿದರೆ 32 ಸಿಗಬೇಕಿತ್ತು, ಸಿಕ್ಕಿದ್ದು 12. ಜಿಗಿದ ಖಾಲಿ ಜಾಗದ 10 ರೂಪಾಯಿ ಎರಡೂ ಕಡೆ ಬಿದ್ದು ತನ್ನನ್ನು ತಾನೇ ಅಳಿಸಿಕೊಂಡಿತು.

ಇದರ ಪೆಟ್ಟು ಆಮೇಲೆ ತಿಳಿಯುತ್ತದೆ. ಆ ಷೇರು ಮುಂದೆ ಜಿಗಿತವಿಲ್ಲದೆ ಮೆಲ್ಲಗೆ ಜಾರಿ ನಡುಬೆಲೆ 255ಕ್ಕೆ ಬಂತು ಎನ್ನಿ. ಇಳಿದ 8 ರೂಪಾಯಿ ಪೂರ್ತಿ ಎರಡು ಪಟ್ಟಾಗಿ, 16, ಮೈನಸ್ ಖಾತೆಗೆ ಹೋಗುತ್ತದೆ. ಏರಿದ್ದಕ್ಕೆ 12, ಇಳಿದದ್ದಕ್ಕೆ 16. ಬೆಲೆ ಇನ್ನೂ ಹಳೆಯ ಮಟ್ಟಕ್ಕಿಂತ 8 ರೂಪಾಯಿ ಮೇಲಿದ್ದರೂ ಈ ದಿನಗಳ ಲೆಕ್ಕ ಮೈನಸ್ ಗೆರೆಯನ್ನು ಮೇಲೆ ತಳ್ಳುತ್ತದೆ. ಫಲಿತಾಂಶದ ಜಿಗಿತ 14 ದಿನದ ಒಳಗಿರುವಾಗ ನಾನು ವೋರ್ಟೆಕ್ಸ್ ದಾಟುವಿಕೆಯನ್ನು ನೋಡುವುದೇ ಇಲ್ಲ, J ಕಾಲಂ ಒಂದನ್ನೇ ನೋಡುತ್ತೇನೆ.

ಇನ್ನು ಅಡಿಕೆ. ಮಾರ್ಕೆಟಿನಿಂದ ಬರುವ ಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ, ಸರಾಸರಿ ಅಂತ ಮೂರು ಅಂಕಿ ಇರುತ್ತವಲ್ಲ, ಷೇರಿನ ಹಾಗೇ ಕಾಣುತ್ತದೆ, ಅದಕ್ಕೇ ನಿಮಗೆ ಆಸೆ ಹುಟ್ಟಿದ್ದು. ಆದರೆ ಷೇರಿನ ಗರಿಷ್ಠ ಕನಿಷ್ಠ ಅಂದರೆ ಒಂದೇ ವಸ್ತು ದಿನದಲ್ಲಿ ಬೇರೆ ಬೇರೆ ಹೊತ್ತಿಗೆ ಕಂಡ ಬೆಲೆ. ಟೆಂಡರಿನ ಗರಿಷ್ಠ ಕನಿಷ್ಠ ಅಂದರೆ ಒಂದೇ ಹೊತ್ತಿಗೆ ಬೇರೆ ಬೇರೆ ಮಾಲಿಗೆ ಬಿದ್ದ ಬೆಲೆ. ಒಬ್ಬರ ರಾಶಿ ಬಣ್ಣ ಚೆನ್ನಾಗಿ ಬಂದು ಗರಿಷ್ಠಕ್ಕೆ ಹೋಗುತ್ತದೆ, ಇನ್ನೊಬ್ಬರದು ಮಳೆಗೆ ಸಿಕ್ಕಿ ಮಾಸಿ ಕನಿಷ್ಠಕ್ಕೆ ನಿಲ್ಲುತ್ತದೆ. ಇದರಲ್ಲಿ ಬೆಲೆಯ ಓಟ ಇಲ್ಲ, ಮಾಲಿನ ತರತಮ ಇದೆ. ನಿನ್ನೆಯ ಮುಕ್ತಾಯ ಎಂಬುದೂ ಇಲ್ಲ, ಹಾಗಾಗಿ ಟ್ರೂ ರೇಂಜ್ ಕಟ್ಟಲು ಬುಡವೇ ಇಲ್ಲ.

ಅಂಕಿಯಲ್ಲಿ ನೋಡಿ. ಇವತ್ತು ರಾಶಿ ಕ್ವಿಂಟಲಿಗೆ ಗರಿಷ್ಠ 48,000, ಕನಿಷ್ಠ 40,000, ಹೆಚ್ಚಿನ ಮಾಲು ಹೋದದ್ದು 46,000ಕ್ಕೆ ಎಂದಿಟ್ಟುಕೊಳ್ಳೋಣ. ನಾಳೆ ಪೇಟೆ ಒಂದು ರೂಪಾಯಿಯೂ ಅಲ್ಲಾಡಲಿಲ್ಲ, ಆದರೆ ಯಾರೋ ಒಬ್ಬರು ಹುಳ ಹಿಡಿದ ಎರಡು ಚೀಲ ತಂದರು, ಅದು 30,000ಕ್ಕೆ ಹೋಯಿತು. ನಡುಬೆಲೆ 44,000ದಿಂದ 39,000ಕ್ಕೆ ಇಳಿಯಿತು, ಮೈನಸ್ ಗೆರೆ ಎದ್ದು ನಿಂತಿತು. ಎರಡು ಚೀಲ ಕೆಟ್ಟ ಅಡಿಕೆ ನಿಮ್ಮ ಚಾರ್ಟಿನಲ್ಲಿ ಪೇಟೆ ಮುರಿದು ಬೀಳಿಸಿತು. 14 ದಿನ ಬಿಟ್ಟು ಆ ಎರಡು ಚೀಲ ಲೆಕ್ಕದಿಂದ ಹೊರಬೀಳುವಾಗ ಪ್ಲಸ್ ಗೆರೆ ಹಾರುತ್ತದೆ, ಆಗ ಪೇಟೆ ಏರಿತು ಅಂತ ಮನೆಯವರಿಗೆ ಹೇಳಿ ಬೈಸಿಕೊಳ್ಳುತ್ತೀರಿ. ರಾಶಿ, ಚಾಲಿ, ಬೆಟ್ಟೆ, ಗೋಟು ಎಲ್ಲವನ್ನೂ ಒಂದೇ ಕಾಲಮಿನಲ್ಲಿ ಬರೆದಿದ್ದರಂತೂ ದೇವರೇ ಗತಿ.

ದಾಟುವಿಕೆಯ ಒಳಗುಟ್ಟು ಈಗ ನಿಮಗೆ ಗೊತ್ತಾಗಿದೆ, ಹಾಗಾಗಿ ಅಡಿಕೆಗೆ ಎರಡು ಗೆರೆಯ ಅಗತ್ಯವೂ ಇಲ್ಲ. ನೀವು ಯಾವ ಮಾಲು ಇಟ್ಟುಕೊಂಡಿದ್ದೀರೋ ಅದೊಂದರ ಸರಾಸರಿ ದರವನ್ನು, ಒಂದೇ ಮಾರ್ಕೆಟಿನದ್ದನ್ನು, ಟೆಂಡರ್ ನಡೆದ ದಿನಗಳಿಗೆ ಮಾತ್ರ ಬರೆದಿಡಿ. ಇವತ್ತಿನದರಿಂದ 14 ಟೆಂಡರ್ ಹಿಂದಿನದನ್ನು ಕಳೆಯಿರಿ. ವ್ಯತ್ಯಾಸ ಸೊನ್ನೆಯ ಮೇಲಿದೆಯೇ ಕೆಳಗಿದೆಯೇ ಎಂಬುದೇ ನಿಮ್ಮ ದಾಟುವಿಕೆ. ಬಂದ ಚೀಲ ತೀರಾ ಕಡಿಮೆ ಇದ್ದ ದಿನವನ್ನು ಬಿಟ್ಟುಬಿಡಿ. ಜೊತೆಗೆ ಹಿಂದಿನ ಟೆಂಡರಿನ ಸರಾಸರಿಗೂ ಈ ಟೆಂಡರಿನದಕ್ಕೂ ಇರುವ ವ್ಯತ್ಯಾಸಗಳನ್ನು ಚಿಹ್ನೆ ಬಿಟ್ಟು ಕೂಡಿಸಿಟ್ಟರೆ ಒಟ್ಟು ನಡೆದ ದಾರಿಯ ಅಳತೆಯೂ ಸಿಗುತ್ತದೆ. 14 ಟೆಂಡರಿನಲ್ಲಿ ಒಟ್ಟು 7,000 ರೂಪಾಯಿ ಹತ್ತಿ ಇಳಿದು, ಕೊನೆಗೆ 500 ಮೇಲೆ ನಿಂತಿದ್ದರೆ ಆ ದಾಟುವಿಕೆಗಾಗಿ ಅಟ್ಟದ ಚೀಲ ಇಳಿಸಬೇಡಿ. 4,000 ಮೇಲೆ ನಿಂತಿದ್ದರೆ ದಲಾಲಿ ಅಂಗಡಿಗೆ ಒಂದು ಫೋನ್ ಮಾಡಬಹುದು.